ಗೊಜ್ಜವಲಕ್ಕಿ ರೀಲ್‌ನ ಕ್ಯಾಪ್ಷನ್: ಆಡಿದ ಮಾತನ್ನೇ ಮತ್ತೆ ಬರೆಯುತ್ತಿದ್ದ ಒಂದು ಪುಟದ ಪ್ರಕರಣ

ಈ ಪ್ರಕರಣದ ಕೇಂದ್ರದಲ್ಲಿರುವವರು ಮೈಸೂರು ಸೀಮೆಯ ಒಬ್ಬ ಹಿರಿಯ ಗೃಹಿಣಿ. ಮನೆಯ ಅಡುಗೆಯನ್ನು ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ ತೋರಿಸುತ್ತಾರೆ. ಅವರ ಸೊಸೆ ಚಿತ್ರೀಕರಣ, ಎಡಿಟಿಂಗ್ ಮತ್ತು ಬರಹ ಮೂರನ್ನೂ ನೋಡಿಕೊಳ್ಳುತ್ತಾರೆ. ಗುರುತು ಹೊರಬೀಳಬಾರದೆಂದು ಇವರನ್ನು ಇಲ್ಲಿ ಅತ್ತೆ ಮತ್ತು ಸೊಸೆ ಎಂದಷ್ಟೇ ಕರೆಯುತ್ತೇನೆ. ಊರು ಮತ್ತು ಪುಟದ ಹೆಸರನ್ನು ಕೊಡುವುದಿಲ್ಲ. ಸಣ್ಣ ಪುಟಗಳ ಬರಹವನ್ನು ತಿದ್ದಿಕೊಡುವುದು ನನ್ನ ಕೆಲಸವಾದ್ದರಿಂದ ಅವರಿಬ್ಬರೊಂದಿಗೆ ಒಂದು ಮಳೆಗಾಲದುದ್ದಕ್ಕೂ ಕೆಲಸ ಮಾಡುವ ಅವಕಾಶ ನನಗೆ ಸಿಕ್ಕಿತು. ಇಲ್ಲಿನ ನಿರ್ಧಾರಗಳಲ್ಲಿ ಕೆಲವು ನನ್ನವು. ಅವುಗಳಲ್ಲಿ ಎರಡು ತಪ್ಪಾಗಿದ್ದವು.

ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ರೀಲ್‌ನಲ್ಲಿ ಬರಹ ಎರಡು ಜಾಗಗಳಲ್ಲಿ ಬರುತ್ತದೆ. ಮಾತಿನ ಜೊತೆಜೊತೆಗೆ ಪರದೆಯ ಮೇಲೆ ಮೂಡಿ ಮರೆಯಾಗುವ ಸಾಲುಗಳು ಒಂದು ಬಗೆಯವು. ವಿಡಿಯೊದ ಕೆಳಗೆ, ಪುಟದ ಹೆಸರಿನ ಬಳಿ ಕೂರುವ ಬರಹ ಇನ್ನೊಂದು ಬಗೆಯದು. ಬಳಕೆಯಲ್ಲಿ ಎರಡಕ್ಕೂ ಕ್ಯಾಪ್ಷನ್ ಎಂದೇ ಹೇಳುತ್ತಾರೆ. ಈ ಬರಹದಲ್ಲಿ ಪರದೆಯ ಮೇಲಿನದನ್ನು ಸಬ್‌ಟೈಟಲ್ ಎಂದೂ, ಕೆಳಗಿನದನ್ನು ಕ್ಯಾಪ್ಷನ್ ಎಂದೂ ಕರೆಯುತ್ತೇನೆ. ಈ ಎರಡು ಕೆಲಸಗಳನ್ನು ಒಂದೇ ಎಂದು ಎಣಿಸಿದ್ದರಿಂದಲೇ ಆ ಪುಟದ ತೊಂದರೆ ಶುರುವಾಗಿತ್ತು.

ತೊಂದರೆ ಏನಿತ್ತು

ಅತ್ತೆಯವರು ಕ್ಯಾಮೆರಾದ ಮುಂದೆ ತಡವರಿಸದಿರಲೆಂದು ಸೊಸೆ ಪ್ರತಿ ರೀಲ್‌ಗೂ ಮಾತನ್ನು ಮುಂಚೆಯೇ ಬರೆದಿಡುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೆ ಅದೇ ಬರಹವನ್ನು ಎತ್ತಿ ಕ್ಯಾಪ್ಷನ್‌ಗೆ ಅಂಟಿಸುತ್ತಿದ್ದರು. ಬರಹ ಕೈಯಲ್ಲಿ ಸಿದ್ಧವಾಗಿರುವಾಗ ಹೀಗೆ ಮಾಡುವುದು ಸಹಜವೇ. ಗೊಜ್ಜವಲಕ್ಕಿಯ ರೀಲ್‌ಗೆ ಅವರು ಹಾಕಿದ್ದ ಕ್ಯಾಪ್ಷನ್‌ನ ಮೊದಲ ಭಾಗ ಹೀಗಿತ್ತು:

> ಎಲ್ಲರಿಗೂ ನಮಸ್ಕಾರ. ಇವತ್ತು ನಾನು ನಿಮಗೆ ಗೊಜ್ಜವಲಕ್ಕಿ ಮಾಡೋದು ಹೇಗೆ ಅಂತ ತೋರಿಸ್ತೀನಿ. ಮೊದಲು ಅವಲಕ್ಕಿಯನ್ನ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿಕೊಳ್ಳಿ. ಆಮೇಲೆ ಹುಣಸೆ ನೀರಿಗೆ ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕದಡಿ, ಅದನ್ನ ಅವಲಕ್ಕಿಗೆ ಹಾಕಿ ನೆನೆಯೋಕೆ ಬಿಡಿ…

ವಿಡಿಯೊದಲ್ಲಿ ಅತ್ತೆ ಹೇಳುವುದೂ ಅಕ್ಷರಶಃ ಇದನ್ನೇ. ಕೇಳಿಸಿಕೊಂಡವರಿಗೆ ಕ್ಯಾಪ್ಷನ್ ತೆರೆದು ನೋಡಲು ಯಾವ ಕಾರಣವೂ ಇರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಮೊದಲ ಸಾಲಿನಲ್ಲಿತ್ತು. ರೀಲ್ ಓಡುವಾಗ ಕ್ಯಾಪ್ಷನ್‌ನ ಮೊದಲ ಕೆಲವೇ ಪದಗಳು ಕಾಣಿಸುತ್ತವೆ. ಉಳಿದದ್ದನ್ನು ನೋಡಬೇಕೆಂದರೆ ಒತ್ತಿ ತೆರೆಯಬೇಕು. ಆ ಪುಟದ ಎಲ್ಲ ರೀಲ್‌ಗಳಲ್ಲೂ ಕಾಣಿಸುತ್ತಿದ್ದ ಪದಗಳು "ಎಲ್ಲರಿಗೂ ನಮಸ್ಕಾರ. ಇವತ್ತು ನಾನು" ಎಂಬಷ್ಟೇ ಆಗಿದ್ದವು. ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ತೋರಿಸುವ ಒಂದು ಪದವೂ ಆ ಜಾಗದಲ್ಲಿರಲಿಲ್ಲ.

ಸೊಸೆ ನನ್ನ ಬಳಿ ತಂದ ದೂರು ಮಾತ್ರ ಬೇರೆಯಾಗಿತ್ತು. "ಇಷ್ಟುದ್ದ ಬರೆದರೂ ಜನ ಅದೇ ಪ್ರಶ್ನೆ ಕೇಳುತ್ತಾರೆ, ಓದುವುದೇ ಇಲ್ಲ" ಎಂದರು. ನಾವಿಬ್ಬರೂ ಕುಳಿತು ಗೊಜ್ಜವಲಕ್ಕಿ ರೀಲ್‌ನ ಕಾಮೆಂಟ್‌ಗಳನ್ನೆಲ್ಲ ಒಂದೊಂದಾಗಿ ಓದಿದೆವು. ಗಟ್ಟಿ ಅವಲಕ್ಕಿಯೋ ತೆಳು ಅವಲಕ್ಕಿಯೋ? ಹುಣಸೆ ನೀರು ಎಷ್ಟು? ನನ್ನದು ಮುದ್ದೆಯಾಯಿತು, ಯಾಕೆ? ಬಸ್ಸಿನ ಪ್ರಯಾಣಕ್ಕೆ ಕಟ್ಟಿಕೊಂಡು ಹೋಗಬಹುದೇ? ಈ ಪ್ರಶ್ನೆಗಳಿಗೆ ಅತ್ತೆಯವರ ಮಾತಿನಲ್ಲಿ ಉತ್ತರವಿರಲಿಲ್ಲ. ಮಾತನ್ನೇ ನಕಲು ಮಾಡಿದ ಕ್ಯಾಪ್ಷನ್‌ನಲ್ಲೂ ಇರಲಿಲ್ಲ. ಜನ ಓದುತ್ತಿದ್ದರೋ ಇಲ್ಲವೋ, ಓದಿದ್ದರೂ ಅವರಿಗೆ ಬೇಕಾದದ್ದು ಸಿಗುತ್ತಿರಲಿಲ್ಲ. ದೂರಿನ ಮುಖ ತಿರುಗಿದ್ದು ಆ ಸಂಜೆ.

ಮೊದಲ ಪ್ರಯತ್ನ ಮತ್ತು ಅದರ ಪೆಟ್ಟು

ನನ್ನ ಮೊದಲ ಸಲಹೆ, ನಕಲನ್ನು ತೆಗೆದುಹಾಕಿ ಎಂಬುದು. ಅದರ ಜಾಗಕ್ಕೆ ಚಿಕ್ಕದಾದ, ಮನಸ್ಸಿಗೆ ಹಿಡಿಸುವ ಒಂದು ಸಾಲು ಸಾಕು ಎಂದು ಹೇಳಿದೆ. "ಹೊರಗೆ ಮಳೆ, ಒಳಗೆ ಒಂದು ತಟ್ಟೆ ಗೊಜ್ಜವಲಕ್ಕಿ" ಎಂಬ ಸಾಲನ್ನು ಬರೆದು, ಕೆಳಗೆ ನಾಲ್ಕು ಹ್ಯಾಶ್‌ಟ್ಯಾಗ್ ಹಾಕಿದೆವು. ಮುಂದಿನ ಕೆಲವು ರೀಲ್‌ಗಳಿಗೂ ಅದೇ ಧಾಟಿಯಲ್ಲಿ ಬರೆದೆವು. ನೋಡಲು ಪುಟ ಹಗುರವಾಯಿತು. ಪ್ರಶ್ನೆಗಳು ಮಾತ್ರ ಕಡಿಮೆಯಾಗಲಿಲ್ಲ. ಮಾತನ್ನು ಮರುಕಳಿಸದಿದ್ದರೆ ಸಾಕು, ಅದು ವಿಡಿಯೊಗೆ ಪೂರಕವಾಗುತ್ತದೆ ಎಂದು ನಾನು ಭಾವಿಸಿದ್ದು ತಪ್ಪು. ಮಳೆಯ ಸಾಲು ವಿಡಿಯೊದಲ್ಲಿದ್ದ ಕಿಟಕಿಯನ್ನೂ ಆವಿಯನ್ನೂ ಇನ್ನೊಮ್ಮೆ ಹೇಳುತ್ತಿತ್ತಷ್ಟೆ. ಮಾತಿನ ಬದಲು ಚಿತ್ರವನ್ನು ಪುನರುಚ್ಚರಿಸಿದಂತಾಗಿತ್ತು.

ಹೀಗೆ ಎರಡು ವಾರ ಕಳೆದಾಗ ಅತ್ತೆಯವರ ಪುಟಕ್ಕೆ ಒಂದು ಸಂದೇಶ ಬಂತು. ಬರೆದವರು ತಮ್ಮ ತಾಯಿಗೆ ಕಿವಿ ಕೇಳಿಸುವುದಿಲ್ಲವೆಂದೂ, ಅವರು ಈ ಪುಟದ ಅಡುಗೆಗಳನ್ನು ಕೆಳಗಿನ ಬರಹ ಓದಿಯೇ ಮಾಡುತ್ತಿದ್ದರೆಂದೂ, ಈಗ ಬರಹ ನಿಂತುಹೋಗಿರುವುದಕ್ಕೆ ಕಾರಣವೇನೆಂದೂ ಕೇಳಿದ್ದರು. ಬೇಸರದ ಧ್ವನಿಯೂ ಅದರಲ್ಲಿರಲಿಲ್ಲ, ಬರೀ ವಿಚಾರಿಸಿದ್ದರು. ಸೊಸೆ ಅದನ್ನು ಓದಿ ಹೇಳಿದಾಗ ಅತ್ತೆ ಕೂಡಲೇ, "ಹಾಗಾದರೆ ಹಳೆಯ ಹಾಗೆಯೇ ಹಾಕಿಬಿಡಮ್ಮ, ಒಬ್ಬರಿಗೆ ಉಪಯೋಗವಾದರೂ ಸಾಕು" ಎಂದರಂತೆ.

ಇಡೀ ಪ್ರಕರಣದ ತಿರುವು ಇಲ್ಲಿದೆ. ಆಡಿದ ಮಾತನ್ನು ಅಕ್ಷರದಲ್ಲಿ ಕೊಡುವುದು ವ್ಯರ್ಥ ಕೆಲಸವೆಂದು ನಾನು ತಳ್ಳಿಹಾಕಿದ್ದೆ. ಅದು ವ್ಯರ್ಥವಲ್ಲ, ಅತ್ಯಗತ್ಯ. ಕಿವಿ ಕೇಳಿಸದವರಿಗೂ, ಬಸ್ಸಿನಲ್ಲೋ ಮಗು ಮಲಗಿರುವ ಕೋಣೆಯಲ್ಲೋ ಶಬ್ದವಿಲ್ಲದೆ ನೋಡುವವರಿಗೂ ಆ ಅಕ್ಷರವೇ ಮಾತು. ಆದರೆ ಅದು ಇರಬೇಕಾದ ಜಾಗ ಪರದೆ. ಮಾತು ಯಾವ ಕ್ಷಣದಲ್ಲಿ ಯಾವ ಕೈಕೆಲಸಕ್ಕೆ ಹೊಂದುತ್ತದೆಯೋ ಅದೇ ಕ್ಷಣದಲ್ಲಿ ಅಲ್ಲಿಯೇ ಕಾಣಿಸಬೇಕು. ಆ ತಾಯಿ ಅದುವರೆಗೆ ವಿಡಿಯೊ ನಿಲ್ಲಿಸಿ, ಕೆಳಗಿನ ಬರಹ ತೆರೆದು, ಎರಡು ಸಾಲು ಓದಿ, ಮುಚ್ಚಿ, ಮತ್ತೆ ವಿಡಿಯೊ ಓಡಿಸಿ ಯಾವ ಸಾಲು ಯಾವ ದೃಶ್ಯದ್ದೆಂದು ತಾವೇ ಊಹಿಸಿಕೊಳ್ಳುತ್ತಿದ್ದರು. ಹಳೆಯ ಕ್ಯಾಪ್ಷನ್ ಅವರ ಪಾಲಿಗೂ ಅರ್ಧ ಸಹಾಯವಾಗಿತ್ತು.

ಆದ್ದರಿಂದ ಹಳೆಯದಕ್ಕೆ ಹಿಂದಿರುಗದೆ, ಸೊಸೆ ಪ್ರತಿ ರೀಲ್‌ಗೂ ಕನ್ನಡದಲ್ಲಿ ಸಬ್‌ಟೈಟಲ್ ಹಾಕತೊಡಗಿದರು. ಮಾತಿನ ಬರಹ ಮೊದಲೇ ಸಿದ್ಧವಿದ್ದುದರಿಂದ ಅದನ್ನು ತುಂಡು ಮಾಡಿ ಹೊಂದಿಸುವುದಷ್ಟೇ ಕೆಲಸ. ಮೊದಲ ಬಾರಿ ಅವರು ಸಾಲುಗಳನ್ನು ಪರದೆಯ ತೀರ ಕೆಳಗೆ ಇಟ್ಟಿದ್ದರು. ಎಡಿಟ್ ಮಾಡುವಾಗ ಚೆನ್ನಾಗಿಯೇ ಕಂಡಿತ್ತು, ಪ್ರಕಟವಾದ ಮೇಲೆ ಪುಟದ ಹೆಸರೂ ಕ್ಯಾಪ್ಷನ್‌ನ ಮೊದಲ ಪದಗಳೂ ಅದರ ಮೇಲೆ ಬಂದು ಕೂತವು. ಬಲಗಡೆಯ ಅಂಚಿನಲ್ಲಿ ಲೈಕ್ ಮತ್ತು ಶೇರ್ ಗುರುತುಗಳು ಕೊನೆಯ ಅಕ್ಷರಗಳನ್ನು ನುಂಗಿದವು. ಮುಂದಿನ ಬಾರಿಯಿಂದ ಸಾಲನ್ನು ಪರದೆಯ ನಡುಭಾಗಕ್ಕಿಂತ ಸ್ವಲ್ಪ ಕೆಳಗೆ, ಬಾಣಲೆಯನ್ನೂ ಕೈಯನ್ನೂ ಮರೆಮಾಡದಂತೆ, ಒಮ್ಮೆಗೆ ಎರಡು ಸಾಲು ಮೀರದಂತೆ ಇಟ್ಟರು. ಸಂದೇಶ ಬರೆದವರಿಗೆ ಹೊಸ ರೀಲ್ ಕಳಿಸಿ, ತಾಯಿಯವರಿಗೆ ಓದಲು ಸಮಯ ಸಾಕಾಗುತ್ತದೆಯೇ ಎಂದು ಕೇಳಿದಾಗ, ಒಗ್ಗರಣೆಯ ಭಾಗದಲ್ಲಿ ಸಾಲು ಬೇಗ ಹೋಗುತ್ತದೆ ಎಂಬ ಉತ್ತರ ಬಂತು. ಅಲ್ಲಿ ಅತ್ತೆ ಒಂದೇ ಉಸಿರಿನಲ್ಲಿ ಆರು ಪದಾರ್ಥ ಹೇಳುತ್ತಿದ್ದರು. ಮುಂದೆ ಅವರು ಆ ಜಾಗದಲ್ಲಿ ನಿಧಾನವಾಗಿ ಹೇಳಲು ರೂಢಿಸಿಕೊಂಡರು.

ತೆರವಾದ ಜಾಗದಲ್ಲಿ ಏನು ಬರೆಯುವುದು

ಮಾತು ಪರದೆಗೆ ಹೋದ ಮೇಲೆ ಕ್ಯಾಪ್ಷನ್ ಖಾಲಿಯಾಯಿತು. ಇನ್‌ಸ್ಟಾಗ್ರಾಂ ಅಲ್ಲಿ 2,200 ಚಿಹ್ನೆಗಳವರೆಗೆ ಅವಕಾಶ ಕೊಡುತ್ತದೆ. ಕನ್ನಡದ ಒಂದು ಒತ್ತಕ್ಷರ ಯೂನಿಕೋಡ್‌ನಲ್ಲಿ ಹಲವು ಚಿಹ್ನೆಗಳಿಂದ ಆಗಿರುತ್ತದೆ. "ಕ್ಷಿ" ಎಂಬುದು ಕಣ್ಣಿಗೆ ಒಂದಾದರೂ ಲೆಕ್ಕಕ್ಕೆ ನಾಲ್ಕು. ಹಾಗಾಗಿ ಕಾಣುವುದಕ್ಕಿಂತ ಜಾಗ ಕಿರಿದು. ಆದರೂ ಒಂದು ಅಡುಗೆಗೆ ಬೇಕಾದಷ್ಟು ಧಾರಾಳವಾಗಿಯೇ ಇದೆ.

ಏನು ಬರೆಯಬೇಕೆಂದು ಕಂಡುಕೊಳ್ಳಲು ನಾವು ಒಂದು ಸರಳ ಕ್ರಮವನ್ನು ಹಿಡಿದೆವು. ಗೊಜ್ಜವಲಕ್ಕಿಯ ರೀಲನ್ನು ಮೊದಲು ಶಬ್ದವಿಲ್ಲದೆ ನೋಡಿ, ಚಿತ್ರವೊಂದರಿಂದಲೇ ತಿಳಿಯುವುದನ್ನು ಪಟ್ಟಿ ಮಾಡಿದೆವು. ಪುಡಿಯ ತರಿ, ಒಗ್ಗರಣೆಯ ಬಣ್ಣ, ಕಲಸುವ ಕೈಯ ಹಗುರ ಇವೆಲ್ಲ ಚಿತ್ರದಲ್ಲಿದ್ದವು. ಬಳಿಕ ಫೋನನ್ನು ಮಗುಚಿಟ್ಟು ಮಾತನ್ನಷ್ಟೇ ಕೇಳಿ, ಕಿವಿಯಿಂದ ತಿಳಿಯುವುದನ್ನು ಬರೆದುಕೊಂಡೆವು: ಪದಾರ್ಥಗಳ ಹೆಸರು, ಹಾಕುವ ಕ್ರಮ. ಮೂರನೆಯದಾಗಿ ಕಾಮೆಂಟ್‌ಗಳ ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು, ಎರಡೂ ಪಟ್ಟಿಗಳಲ್ಲಿ ಉತ್ತರವಿಲ್ಲದವನ್ನು ಗುರುತು ಹಾಕಿದೆವು. ಕ್ಯಾಪ್ಷನ್‌ಗೆ ಸಲ್ಲುವ ವಿಷಯ ಆ ಗುರುತುಗಳಲ್ಲೇ ಇತ್ತು.

ಉತ್ತರ ಅತ್ತೆಯವರಿಂದ ಬರಬೇಕಿತ್ತು, ಮತ್ತು ಅದು ಸುಲಭವಾಗಿ ಬರಲಿಲ್ಲ. ನಲವತ್ತು ವರ್ಷ ಮಾಡಿದ ಅಡುಗೆಯಲ್ಲಿ ಯಾವುದು ಹೇಳಬೇಕಾದ ಸಂಗತಿ, ಯಾವುದು ಎಲ್ಲರಿಗೂ ಗೊತ್ತಿರುವುದು ಎಂಬ ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಹುಣಸೆ ನೀರಿನ ಅಳತೆ ಕೇಳಿದರೆ "ಹಿಡಿಸಿದಷ್ಟು" ಎಂದರು. ಸೊಸೆ ಒಂದು ಲೋಟವನ್ನು ಕೈಗಿತ್ತು ಒಮ್ಮೆ ಮಾಡಿಸಿ ಅಳೆದರು. ನಾನು ಕರಡಿನ ಮೊದಲ ಸಾಲಿನಲ್ಲಿ, ಗೊಜ್ಜವಲಕ್ಕಿ ಮುದ್ದೆಯಾಗುವುದು ಎರಡೇ ಕಾರಣಕ್ಕೆ, ಅವಲಕ್ಕಿ ತೆಳುವಾಗಿರುವುದು ಮತ್ತು ಪುಡಿ ನುಣ್ಣಗಾಗುವುದು ಎಂದು ಬರೆದಿದ್ದೆ. ಅತ್ತೆ ಓದಿಸಿಕೊಂಡು, "ನೀರು ಒಂದೇ ಸಲ ಸುರಿದರೂ ಮುದ್ದೆಯಾಗುತ್ತಲ್ಲ, ಎರಡೇ ಅಂತ ಯಾಕೆ ಹೇಳಬೇಕು?" ಎಂದು ತಿದ್ದಿದರು. ಕೊನೆಗೆ ಪ್ರಕಟವಾದದ್ದು ಇದು:

> ಗೊಜ್ಜವಲಕ್ಕಿ ಮುದ್ದೆಯಾಯಿತೇ? ಅವಲಕ್ಕಿ ತೆಳುವಾಗಿತ್ತೇ, ಪುಡಿ ನುಣ್ಣಗಾಯಿತೇ, ನೀರನ್ನು ಒಂದೇ ಸಲ ಹಾಕಿದಿರೇ ನೋಡಿ.
>
> ಹುಳಿ ಅವಲಕ್ಕಿ, ಹುಣಸೆ ಅವಲಕ್ಕಿ ಎಂದು ಕರೆಯುವುದೂ ಇದನ್ನೇ.
>
> ಗಟ್ಟಿ ಅವಲಕ್ಕಿ 2 ಲೋಟ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನಿಂದ ತೆಗೆದ ನೀರು ಸುಮಾರು 1 ಲೋಟ. ಸಾರಿನ ಪುಡಿ 2 ಚಮಚ, ಬೆಲ್ಲದ ಪುಡಿ 2 ದೊಡ್ಡ ಚಮಚ.
>
> 20 ನಿಮಿಷ ನೆನೆದ ಮೇಲೆ ಒಂದು ಹಿಡಿ ತೆಗೆದು ಒತ್ತಿ. ಉಂಡೆಯಾಗಿ ನಿಂತು, ಬೆರಳು ಮುಟ್ಟಿಸಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ನೀರು ಚಿಮುಕಿಸಿ ಇನ್ನು ಹತ್ತು ನಿಮಿಷ ಬಿಡಿ.
>
> ಅಂಗಡಿಯ ಸಾರಿನ ಪುಡಿಯಾದರೆ ಅದರಲ್ಲಿ ಉಪ್ಪು ಇದೆಯೇ ನೋಡಿಕೊಂಡು ಉಪ್ಪು ಹಾಕಿ.
>
> ಪ್ರಯಾಣಕ್ಕೆ ಕಟ್ಟುವುದಾದರೆ ಒಣ ಕೊಬ್ಬರಿ ಹಾಕಿ. ಹಸಿ ಕಾಯಿತುರಿ ಹಾಕಿದ್ದನ್ನು ಬೇಗ ತಿಂದು ಮುಗಿಸಿ.

ಈ ಬರಹದಲ್ಲಿ ವಿಡಿಯೊದ ಯಾವ ಹೆಜ್ಜೆಯ ವಿವರಣೆಯೂ ಇಲ್ಲ. ಪುಡಿ ಮಾಡುವುದು ಹೇಗೆ, ಒಗ್ಗರಣೆ ಯಾವಾಗ ಎಂಬುದನ್ನು ಅದು ಮುಟ್ಟುವುದಿಲ್ಲ. ಮಾಡುವವರು ಅಡುಗೆಮನೆಯಲ್ಲಿ ನಿಂತು, ಕೈ ಒದ್ದೆಯಾಗಿರುವಾಗ, ಎಲ್ಲಿ ತಡವರಿಸುತ್ತಾರೋ ಅಲ್ಲಿಗೆ ಮಾತ್ರ ಹೋಗುತ್ತದೆ. ಮೊದಲ ಸಾಲನ್ನು ಪ್ರಶ್ನೆಯಾಗಿ ಇಡಲು ಕಾರಣ, ಆ ತೊಂದರೆಯನ್ನು ಒಮ್ಮೆ ಅನುಭವಿಸಿದವರು ಆ ಎರಡು ಪದ ಕಂಡ ಕೂಡಲೇ ನಿಲ್ಲುತ್ತಾರೆ ಎಂಬ ಲೆಕ್ಕ. ಹೆಸರುಗಳ ಸಾಲಿಗೆ ಬೇರೆ ಕಾರಣವಿತ್ತು: ಅತ್ತೆ ಬಾಯಲ್ಲಿ ಗೊಜ್ಜವಲಕ್ಕಿ ಎಂಬ ಒಂದೇ ಹೆಸರು ಬರುತ್ತದೆ. ಹುಡುಕುವವರು ತಮ್ಮ ಮನೆಯ ಹೆಸರಿನಿಂದ ಹುಡುಕುತ್ತಾರೆ, ಮತ್ತು ಆ ಹೆಸರು ಬರಹದಲ್ಲಿದ್ದರೆ ಸಿಗುವ ಸಾಧ್ಯತೆ ಹೆಚ್ಚು. ಅತ್ತೆಯವರ ಬಾಯಿಗೆ ಅವರದಲ್ಲದ ಪದ ತುರುಕುವುದಕ್ಕಿಂತ ಕ್ಯಾಪ್ಷನ್‌ನಲ್ಲಿ ಇಡುವುದು ಮೇಲು ಎಂದು ನನಗೆ ಅನ್ನಿಸಿತು.

ಎರಡನೆಯ ತಪ್ಪು

ಈ ಕ್ರಮ ಕೈಹಿಡಿದ ಉತ್ಸಾಹದಲ್ಲಿ ನಾನು ಒಂದು ಹೆಜ್ಜೆ ಹೆಚ್ಚು ಹೋದೆ. ಗೋಕುಲಾಷ್ಟಮಿಗೆ ಮುಂಚೆ ಚಕ್ಕುಲಿಯ ರೀಲ್ ಬರಬೇಕಿತ್ತು. ಅಳತೆ ಓದುವುದಕ್ಕೆ ಸಲ್ಲುವ ವಿಷಯವಾದ್ದರಿಂದ ಅದನ್ನು ಪೂರ್ತಿಯಾಗಿ ಕ್ಯಾಪ್ಷನ್‌ಗೆ ಬಿಟ್ಟು, ವಿಡಿಯೊದಲ್ಲಿ ಹಿಟ್ಟಿನ ಹದವನ್ನಷ್ಟೇ ತೋರಿಸೋಣ ಎಂದೆ. ಅತ್ತೆ ಕ್ಯಾಮೆರಾ ನೋಡಿ "ಅಳತೆ ಕೆಳಗೆ ಬರೆದಿದೆ, ನೋಡಿಕೊಳ್ಳಿ" ಎಂದರು. ವಿಡಿಯೊ ಚೊಕ್ಕವಾಗಿ, ಚಿಕ್ಕದಾಗಿ ಬಂತು.

ಹಬ್ಬದ ಹಿಂದಿನ ದಿನ ಅತ್ತೆಯವರ ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ, ಚಕ್ಕುಲಿ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡು ಹರಡಿಹೋಯಿತೆಂದು ಹೇಳಿದರು. ಬೆಣ್ಣೆ ಎಷ್ಟು ಹಾಕಿದಿರೆಂದು ಕೇಳಿದರೆ, "ನಿಮ್ಮ ವಿಡಿಯೊದಲ್ಲಿ ಅಳತೆಯೇ ಇಲ್ಲವಲ್ಲ, ಅಂದಾಜಿನಲ್ಲಿ ಹಾಕಿದೆ" ಎಂದರು. ಅವರು ರೀಲನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಿರಲಿಲ್ಲ. ಯಾರೋ ಇಳಿಸಿಕೊಂಡ ವಿಡಿಯೊ ವಾಟ್ಸಾಪ್‌ನ ಕುಟುಂಬದ ಗುಂಪಿಗೆ ಬಂದಿತ್ತು. ಹಾಗೆ ಫೈಲ್ ಆಗಿ ಹರಿದಾಡುವ ವಿಡಿಯೊದ ಜೊತೆಗೆ ಪರದೆಯ ಮೇಲಿನ ಸಬ್‌ಟೈಟಲ್ ಹೋಗುತ್ತದೆ, ಕ್ಯಾಪ್ಷನ್ ಹೋಗುವುದಿಲ್ಲ. "ಕೆಳಗೆ ಬರೆದಿದೆ" ಎಂಬ ಅತ್ತೆಯವರ ಮಾತಿಗೆ ಅಲ್ಲಿ ಕೆಳಗೆ ಏನೂ ಇರಲಿಲ್ಲ.

ಪ್ರಕಟವಾದ ರೀಲ್‌ನ ವಿಡಿಯೊವನ್ನು ಬದಲಿಸಲು ಬರುವುದಿಲ್ಲವಾದ್ದರಿಂದ ಅದನ್ನು ತೆಗೆದು, ಒಂದು ದೃಶ್ಯವನ್ನು ಮತ್ತೆ ಚಿತ್ರೀಕರಿಸಿ, ಹೊಸದಾಗಿ ಹಾಕಬೇಕಾಯಿತು. ಈ ಬಾರಿ ಅತ್ತೆ ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನಹಿಟ್ಟು ಎಂದು ಬಾಯಲ್ಲೇ ಹೇಳಿ, ಬೆಣ್ಣೆಯನ್ನು ಅಳೆದು ಕ್ಯಾಮೆರಾಗೆ ತೋರಿಸಿದರು. ಎರಡೂ ಸಬ್‌ಟೈಟಲ್‌ನಲ್ಲಿ ಬಂದವು. ಕ್ಯಾಪ್ಷನ್‌ನಲ್ಲಿ ಉಳಿದದ್ದು, ಎಣ್ಣೆಯಲ್ಲಿ ಬಿಚ್ಚಿಕೊಂಡರೆ ಬೆಣ್ಣೆ ಹೆಚ್ಚಾಗಿದೆಯೆಂದೂ ಆಗ ಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ನಾದಬೇಕೆಂದೂ, ಒತ್ತುವಾಗ ಎಳೆ ತುಂಡಾದರೆ ಹಿಟ್ಟು ಒಣಗಿದೆಯೆಂದೂ ಹೇಳುವ ಸಾಲುಗಳು. ಅಲ್ಲಿಂದ ಮುಂದೆ ನಾವು ಪಾಲಿಸಿದ ಗೆರೆ ಇಷ್ಟು: ಯಾವುದಿಲ್ಲದಿದ್ದರೆ ಅಡುಗೆ ಕೆಡುತ್ತದೆಯೋ ಅದು ವಿಡಿಯೊದೊಳಗೇ ಇರಬೇಕು, ಕ್ಯಾಪ್ಷನ್‌ನಲ್ಲಿ ಇನ್ನೊಮ್ಮೆ ಬಂದರೂ ಚಿಂತೆಯಿಲ್ಲ. ಅಳತೆಯನ್ನು ಎರಡು ಕಡೆ ಕೊಟ್ಟರೆ ಪುನರುಕ್ತಿಯೆನ್ನಿಸುವುದಿಲ್ಲ, ಏಕೆಂದರೆ ಕೇಳಿದ ಸಂಖ್ಯೆ ನೆನಪಿನಲ್ಲಿ ನಿಲ್ಲುವುದಿಲ್ಲ ಮತ್ತು ಮಾಡುವಾಗ ಅದನ್ನು ಹುಡುಕಿ ನೋಡಲೇಬೇಕಾಗುತ್ತದೆ. ಆಡಿದ ವಾಕ್ಯಗಳನ್ನು ಎರಡು ಕಡೆ ಕೊಡುವುದಕ್ಕೆ ಅಂಥ ಸಮರ್ಥನೆ ಇಲ್ಲ.

ಏನಾಯಿತು

ಈ ಬದಲಾವಣೆಯಿಂದ ನೋಡುವವರ ಸಂಖ್ಯೆ ಏರಿತೆಂದು ನಾನು ಹೇಳುವುದಿಲ್ಲ. ಹಬ್ಬದ ಕಾಲ, ವಿಷಯ, ಯಾರೋ ಹಂಚಿಕೊಂಡದ್ದು ಇವೆಲ್ಲ ಒಟ್ಟಿಗೆ ಕೆಲಸ ಮಾಡುವಾಗ ಕ್ಯಾಪ್ಷನ್ ಒಂದರ ಪಾಲನ್ನು ಬೇರ್ಪಡಿಸಲು ಅಂಥ ಪುಟದಲ್ಲಿ ದಾರಿಯಿಲ್ಲ. ಕಣ್ಣಿಗೆ ಕಂಡ ಬದಲಾವಣೆ ಕಾಮೆಂಟ್‌ಗಳ ಸ್ವಭಾವದಲ್ಲಿತ್ತು. ಅಳತೆ ಎಷ್ಟು, ಯಾವ ಅವಲಕ್ಕಿ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ನಿಂತು, ಮಾಡಿ ನೋಡಿದವರ ಪ್ರಶ್ನೆಗಳು ಬರತೊಡಗಿದವು. ಹಿಡಿ ಒತ್ತಿದಾಗ ಉಂಡೆಯಾಯಿತು, ಆದರೆ ಉದುರಲಿಲ್ಲ, ಈಗೇನು ಮಾಡಲಿ ಎಂದು ಒಬ್ಬರು ಕೇಳಿದರು. ಇನ್ನೂ ಸ್ವಲ್ಪ ಅವಲಕ್ಕಿಯನ್ನು ಪುಡಿ ಮಾಡಿ ಬೆರೆಸಿ ಹತ್ತು ನಿಮಿಷ ಬಿಡಿ ಎಂಬ ಅತ್ತೆಯವರ ಉತ್ತರವನ್ನು ಸೊಸೆ ಅದೇ ದಿನ ಕ್ಯಾಪ್ಷನ್‌ಗೂ ಸೇರಿಸಿದರು. ವಿಡಿಯೊಗೆ ಇಲ್ಲದ ಈ ಅನುಕೂಲ ಕ್ಯಾಪ್ಷನ್‌ಗೆ ಇದೆ: ಪ್ರಕಟವಾದ ಮೇಲೂ ತಿದ್ದಬಹುದು. ಹಳೆಯ ರೀಲ್‌ಗಳ ವಿಡಿಯೊವನ್ನು ಮುಟ್ಟದೆ, ಬರಹವನ್ನಷ್ಟೇ ಅವರು ಒಂದೊಂದಾಗಿ ಬದಲಿಸುತ್ತ ಬಂದರು. ಸಬ್‌ಟೈಟಲ್ ಇಲ್ಲದ ಹಳೆಯವುಗಳಲ್ಲಿ ಮಾತ್ರ ಆಡಿದ ಮಾತಿನ ಬರಹವನ್ನು ತೆಗೆಯಲಿಲ್ಲ. ಹೊಸ ಸಾಲುಗಳನ್ನು ಮೇಲಿಟ್ಟು, ಅದರ ಕೆಳಗೆ "ವಿಡಿಯೊದಲ್ಲಿ ಹೇಳಿದ್ದು" ಎಂಬ ತಲೆಬರಹದಡಿ ಹಾಗೆಯೇ ಉಳಿಸಿದರು, ಏಕೆಂದರೆ ಕಿವಿ ಕೇಳಿಸದ ಆ ತಾಯಿಗೆ ಅಲ್ಲಿ ಬೇರೆ ದಾರಿಯಿರಲಿಲ್ಲ.

ಒಂದು ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. ಕನ್ನಡ ಮಾತನಾಡುತ್ತ ಕನ್ನಡ ಲಿಪಿ ಓದಲು ಬಾರದ ನೋಡುಗರು ಆ ಪುಟಕ್ಕೆ ಕಡಿಮೆಯೇನಿಲ್ಲ. ಹೊರದೇಶದಲ್ಲಿ ಬೆಳೆದ ಮೊಮ್ಮಕ್ಕಳು ಅತ್ತೆಯವರ ಮನೆಯಲ್ಲೇ ಇದ್ದಾರೆ. ಅವರಿಗಾಗಿ ಕ್ಯಾಪ್ಷನ್‌ನ ಕೊನೆಯಲ್ಲಿ ಅಳತೆಯ ಭಾಗವನ್ನು ಇಂಗ್ಲಿಷ್‌ನಲ್ಲಿ ಕೊಡಬೇಕೆಂದು ಸೊಸೆಯ ಅಭಿಪ್ರಾಯ. ಹಾಗೆ ಮಾಡಿದರೆ ಬರಹ ಉದ್ದವಾಗಿ, ಮುದ್ದೆಯಾದಾಗ ಏನು ಮಾಡಬೇಕೆಂಬ ಸಾಲು ಹುಡುಕುವವರ ಕಣ್ಣಿಗೆ ತಪ್ಪುತ್ತದೆಂಬುದು ನನ್ನ ಆತಂಕ. ಸದ್ಯಕ್ಕೆ ಸೊಸೆ ಇಂಗ್ಲಿಷ್ ಅಳತೆಯನ್ನು ಮೊದಲ ಕಾಮೆಂಟ್ ಆಗಿ ಬರೆದು, ಅದನ್ನು ಮೇಲ್ಗಡೆಗೆ ಪಿನ್ ಮಾಡಿ ಇಡುತ್ತಿದ್ದಾರೆ.